‘ಮಧುಮೇಹ’ ಎಂದು ಬರೆದವರಿಗೆ ಉತ್ತರ

ನಮಸ್ಕಾರ. ನಿಮ್ಮಿಂದ ‘ಮಧುಮೇಹ’ ಎಂಬ ಒಂದೇ ಪದ ಬಂದಿದೆ. ಕಾಯಿಲೆ ನಿಮಗೋ, ಮನೆಯವರಿಗೋ, ಇಲ್ಲ ಸುಮ್ಮನೆ ತಿಳಿದುಕೊಳ್ಳಲು ಕೇಳಿದಿರೋ, ಆ ಪದದಿಂದ ಗೊತ್ತಾಗುವುದಿಲ್ಲ. ಹಾಗಾಗಿ ಯಾರು ಓದಿದರೂ ಉಪಯೋಗಕ್ಕೆ ಬರುವಷ್ಟನ್ನು ಬರೆಯುತ್ತಿದ್ದೇವೆ. ಇದನ್ನು ನೋಡಿ ಯಾರೂ ತಮ್ಮ ಮಾತ್ರೆ ಬಿಡುವುದು, ಇನ್ಸುಲಿನ್ ಪ್ರಮಾಣ ಬದಲಿಸುವುದು ಬೇಡ.

ಮೊದಲು ತುರ್ತಿನ ಮಾತು. ಮಧುಮೇಹ ಇರುವವರಿಗೆ ಬಿಡದೆ ವಾಂತಿ, ಹೊಟ್ಟೆನೋವು, ಆಳವಾದ ವೇಗದ ಉಸಿರಾಟ, ಉಸಿರಿನಲ್ಲಿ ಹಣ್ಣಿನಂಥ ವಾಸನೆ, ಮಂಪರು ಕಂಡರೆ ತಡಮಾಡದೆ ಆಸ್ಪತ್ರೆಗೆ ಕರೆದೊಯ್ಯಿರಿ. ಕಾಯಿಲೆ ಇದೆಯೆಂದೇ ಗೊತ್ತಿಲ್ಲದ ಮಗುವಿನಲ್ಲೂ ಅದು ಮೊದಲ ಬಾರಿಗೆ ಹೀಗೆಯೇ ಕಾಣಿಸಿಕೊಳ್ಳಬಹುದು.

ನಾವು ತಿಂದದ್ದರಿಂದ ಬಂದ ಗ್ಲೂಕೋಸ್ ರಕ್ತದಿಂದ ಜೀವಕೋಶದೊಳಗೆ ಹೋಗಲು ಇನ್ಸುಲಿನ್ ಬೇಕು. ಟೈಪ್ 1ರಲ್ಲಿ ಮೇದೋಜ್ಜೀರಕ ಗ್ರಂಥಿಯ ಇನ್ಸುಲಿನ್ ತಯಾರಿಸುವ ಕೋಶಗಳನ್ನು ದೇಹದ ರಕ್ಷಣಾ ವ್ಯವಸ್ಥೆಯೇ ನಾಶ ಮಾಡುತ್ತದೆ. ಇವರಿಗೆ ಇನ್ಸುಲಿನ್ ಇಲ್ಲದೆ ಬದುಕಿಲ್ಲ. ಹೆಚ್ಚು ಜನರಲ್ಲಿ ಕಾಣುವುದು ಟೈಪ್ 2: ಇನ್ಸುಲಿನ್ ಇದ್ದರೂ ದೇಹ ಅದಕ್ಕೆ ಸರಿಯಾಗಿ ಸ್ಪಂದಿಸುವುದಿಲ್ಲ, ವರ್ಷ ಕಳೆದಂತೆ ಉತ್ಪಾದನೆಯೂ ಇಳಿಯುತ್ತದೆ. ಗರ್ಭಿಣಿಯರಲ್ಲಿ ಬರುವುದು ಸಾಮಾನ್ಯವಾಗಿ ಹೆರಿಗೆಯ ನಂತರ ಹೋಗುತ್ತದೆ. ಆದರೂ ಮುಂದೆ ಟೈಪ್ 2 ಬರುವ ಸಾಧ್ಯತೆ ಹೆಚ್ಚಿರುವುದರಿಂದ ಆಮೇಲೂ ಆಗಾಗ ಪರೀಕ್ಷೆ ಮಾಡಿಸಬೇಕು.

ಅತಿ ಬಾಯಾರಿಕೆ, ರಾತ್ರಿ ಪದೇ ಪದೇ ಮೂತ್ರಕ್ಕೆ ಏಳುವುದು, ಸುಸ್ತು, ತಾನಾಗಿ ತೂಕ ಇಳಿಯುವುದು, ಬೇಗ ಮಾಯದ ಗಾಯ ಇದರ ಲಕ್ಷಣಗಳು. ಆದರೆ ಟೈಪ್ 2 ವರ್ಷಗಟ್ಟಲೆ ಏನೂ ತೋರಿಸದೆ ಇರಬಲ್ಲದು. ಲಕ್ಷಣ ಬಂದಾಗ ನೋಡೋಣ ಎಂದು ಕಾಯುವುದರಲ್ಲಿ ಅರ್ಥವಿಲ್ಲ, ರಕ್ತಪರೀಕ್ಷೆಯೇ ದಾರಿ. ಕನಿಷ್ಠ 8 ಗಂಟೆ ಉಪವಾಸವಿದ್ದು ಮಾಡಿಸಿದ ಪರೀಕ್ಷೆಯಲ್ಲಿ ಗ್ಲೂಕೋಸ್ 126 ಮಿ.ಗ್ರಾಂ/ಡೆ.ಲೀ. ಅಥವಾ ಅದಕ್ಕಿಂತ ಹೆಚ್ಚು, ಇಲ್ಲವೇ ಎಚ್‌ಬಿಎ1ಸಿ 6.5 ಶೇಕಡ ಅಥವಾ ಅದಕ್ಕಿಂತ ಹೆಚ್ಚು ಬಂದರೆ ಮಧುಮೇಹ. ಲಕ್ಷಣಗಳಿಲ್ಲದವರಲ್ಲಿ ಒಂದೇ ಫಲಿತಾಂಶ ನಂಬದೆ ಇನ್ನೊಂದರಿಂದ ಖಚಿತಪಡಿಸಿಕೊಳ್ಳುತ್ತಾರೆ. ಎಚ್‌ಬಿಎ1ಸಿ ರಕ್ತದ ಸಕ್ಕರೆಯ ಸುಮಾರು ಮೂರು ತಿಂಗಳ ಸರಾಸರಿ ಹೇಳುತ್ತದೆ. ರಕ್ತಹೀನತೆ ಇದ್ದರೆ ಅಥವಾ ಇತ್ತೀಚೆಗೆ ರಕ್ತ ಏರಿಸಿದ್ದರೆ ಅದು ದಾರಿ ತಪ್ಪಿಸಬಹುದು, ಆದ್ದರಿಂದ ವೈದ್ಯರಿಗೆ ಮೊದಲೇ ಹೇಳಿ.

ಮನೆಯಲ್ಲಿ ಗ್ಲೂಕೋಮೀಟರ್ ಬಳಸುವಾಗ ಆಗುವ ತಪ್ಪು ಬಹುಪಾಲು ಯಂತ್ರದ್ದಲ್ಲ, ಬೆರಳಿನದ್ದು. ಹಣ್ಣು ಹಿಡಿದ ಕೈಯಲ್ಲೇ ಚುಚ್ಚಿದರೆ ಚರ್ಮಕ್ಕೆ ಅಂಟಿದ ಸಕ್ಕರೆ ಹನಿಯಲ್ಲಿ ಬೆರೆತು ಅಂಕಿ ಸುಳ್ಳೇ ಏರುತ್ತದೆ. ಸೋಪು, ನೀರಿನಿಂದ ಕೈ ತೊಳೆದು ಪೂರ್ತಿ ಒರೆಸಿ. ಒದ್ದೆಯಿದ್ದರೆ ರಕ್ತ ತೆಳುವಾಗಿ ಅಂಕಿ ಇಳಿಯಬಹುದು. ಬೆರಳ ತುದಿಯ ನಡುವೆ ಬೇಡ, ಪಕ್ಕಕ್ಕೆ ಚುಚ್ಚಿ, ನೋವು ಕಡಿಮೆ. ಬಲವಾಗಿ ಹಿಂಡಬೇಡಿ. ರಕ್ತದ ಹನಿ ತಾಗಿಸುವ ಪರೀಕ್ಷಾ ಪಟ್ಟಿ ತೆಗೆದ ತಕ್ಷಣ ಡಬ್ಬಿಯ ಮುಚ್ಚಳ ಹಾಕಿ, ತೇವಾಂಶ ತಗುಲಿದ ಪಟ್ಟಿ ತಪ್ಪು ತೋರಿಸುತ್ತದೆ. ಲ್ಯಾನ್ಸೆಟ್ ಸೂಜಿಯನ್ನು ಇನ್ನೊಬ್ಬರೊಂದಿಗೆ ಎಂದೂ ಹಂಚಿಕೊಳ್ಳಬೇಡಿ.

ಇನ್ಸುಲಿನ್ ಅಥವಾ ಕೆಲವು ಮಾತ್ರೆ ತೆಗೆದುಕೊಳ್ಳುವವರಲ್ಲಿ ಸಕ್ಕರೆ ದಿಢೀರ್ ಇಳಿಯುವುದು ಏರುವುದಕ್ಕಿಂತ ಬೇಗ ಅಪಾಯ ತರುತ್ತದೆ. ನಡುಕ, ಬೆವರು, ಎದೆಬಡಿತ, ತಟ್ಟನೆ ಹಸಿವು, ಗೊಂದಲದ ಮಾತು ಅದರ ಸೂಚನೆ. 70ಕ್ಕಿಂತ ಕೆಳಗಿದ್ದರೆ 15 ಗ್ರಾಂ ಗ್ಲೂಕೋಸ್ ಪುಡಿ ಅಥವಾ ಸಕ್ಕರೆ ನೀರಿನಲ್ಲಿ ಕದಡಿ ಕುಡಿದು, 15 ನಿಮಿಷದ ನಂತರ ಮತ್ತೆ ನೋಡಿ; ಏರಿರದಿದ್ದರೆ ಅಷ್ಟೇ ಪ್ರಮಾಣ ಇನ್ನೊಮ್ಮೆ. ಅಳೆಯಲು ಯಂತ್ರ ಇಲ್ಲವೆಂದು ಕಾಯಬೇಡಿ. ಚಾಕೊಲೇಟ್ ಇದಕ್ಕೆ ಸರಿಯಲ್ಲ, ಅದರ ಕೊಬ್ಬು ಸಕ್ಕರೆ ರಕ್ತ ಸೇರುವುದನ್ನು ನಿಧಾನಿಸುತ್ತದೆ. ಪ್ರಜ್ಞೆ ತಪ್ಪಿದವರ ಬಾಯಿಗೆ ಏನನ್ನೂ ಹಾಕಬಾರದು, ಶ್ವಾಸನಾಳಕ್ಕೆ ಇಳಿಯುತ್ತದೆ. ಪಕ್ಕಕ್ಕೆ ಹೊರಳಿಸಿ ಆಂಬುಲೆನ್ಸ್ ಕರೆಸಿ.

ಸಿಹಿ ಬಿಟ್ಟರೆ ಸಾಕು ಎಂಬ ನಂಬಿಕೆ ಬಹಳ ಜನರಲ್ಲಿದೆ. ಧಾನ್ಯದ ಪಿಷ್ಟವೂ ಹೊಟ್ಟೆಯಲ್ಲಿ ಗ್ಲೂಕೋಸೇ ಆಗುವುದರಿಂದ ಎಷ್ಟು ತಿಂದೆವು ಎಂಬುದು ಮುಖ್ಯ. ತಟ್ಟೆಯ ಅರ್ಧ ತರಕಾರಿ, ಕಾಲು ಭಾಗ ಕಾಳು, ಮೊಟ್ಟೆಯಂಥ ಪ್ರೋಟೀನ್, ಉಳಿದ ಕಾಲು ಧಾನ್ಯ. ವಾರಕ್ಕೆ ಒಟ್ಟು 150 ನಿಮಿಷ ಬಿರುಸು ನಡಿಗೆ ಅನೇಕ ವಯಸ್ಕರಿಗೆ ಹೊಂದುವ ಗುರಿ.

ಕಣ್ಣು, ಮೂತ್ರಪಿಂಡಕ್ಕೆ ಹಾನಿಯಾದರೆ ಮೊದಮೊದಲು ನೋವಿರುವುದಿಲ್ಲ. ಅದಕ್ಕೇ ಕಣ್ಣಿನ ಪಾಪೆ ಹಿಗ್ಗಿಸಿ ಅಕ್ಷಿಪಟಲದ ಪರೀಕ್ಷೆ, ಮೂತ್ರದಲ್ಲಿ ಅಲ್ಬುಮಿನ್ ಎಂಬ ಪ್ರೋಟೀನಿನ ಪರೀಕ್ಷೆಯನ್ನು ಸಾಮಾನ್ಯವಾಗಿ ವರ್ಷಕ್ಕೊಮ್ಮೆ ಮಾಡಿಸುತ್ತಾರೆ. ಪಾದಗಳನ್ನಂತೂ ದಿನವೂ ನೋಡಿಕೊಳ್ಳಬೇಕು. ಸ್ಪರ್ಶ ಕುಂದಿದ ಕಾಲಿಗೆ ಚಪ್ಪಲಿಯೊಳಗಿನ ಕಲ್ಲೂ ತಿಳಿಯುವುದಿಲ್ಲ. ಬೆರಳ ಸಂದು, ಅಂಗಾಲು, ಹಿಮ್ಮಡಿ ನೋಡಿ; ಬಗ್ಗಲಾಗದಿದ್ದರೆ ನೆಲದ ಮೇಲೆ ಕನ್ನಡಿ ಇಟ್ಟುಕೊಳ್ಳಿ. ಸಣ್ಣ ಗುಳ್ಳೆಯಾದರೂ ವೈದ್ಯರಿಗೆ ತೋರಿಸಿ.

ಇನ್ನೂ ಕೇಳುವುದಿದ್ದರೆ ಯಾರ ಬಗ್ಗೆ, ಅವರ ವಯಸ್ಸು, ಇತ್ತೀಚಿನ ಪರೀಕ್ಷೆಯ ಅಂಕಿ, ಈಗ ತೆಗೆದುಕೊಳ್ಳುತ್ತಿರುವ ಔಷಧ ಬರೆಯಿರಿ. ಹೆಸರು ಬೇಕಿಲ್ಲ.