‘ನಿಮ್ಮ ಬಗ್ಗೆ ಹೇಳಿ’: ಹೊಸಬರಿಗೆ ಒಂದೊಂದು ನಿಮಿಷದ ಸಂದರ್ಶನ ಪಾಠ

(ಕೊಡಗಿನ ಅಂತಿಮ ವರ್ಷದ ಪದವಿ ವಿದ್ಯಾರ್ಥಿಗಳಿಗಾಗಿ ವಿಡಿಯೊ ಮಾತು. ದಿನಕ್ಕೊಂದು ಭಾಗ, ಸುಮಾರು ಒಂದು ನಿಮಿಷ. ಉದಾಹರಣೆಗಳನ್ನು ಕುರ್ಚಿಯಲ್ಲಿ ಕುಳಿತು, ಅಭ್ಯರ್ಥಿಯ ಹಾಗೆಯೇ ಹೇಳಬೇಕು.)

ಮೊದಲ ದಿನ: ಪ್ರಶ್ನೆ

ನಮಸ್ಕಾರ. ನಾನು ಸೋಮವಾರಪೇಟೆಯವಳು. ಹನ್ನೊಂದು ವರ್ಷ ಮೈಸೂರಿನ ಕಚೇರಿಯೊಂದರಲ್ಲಿ ಹೊಸಬರನ್ನು ಕೆಲಸಕ್ಕೆ ಆರಿಸುವ ಸಮಿತಿಯಲ್ಲಿ ಕುಳಿತಿದ್ದೇನೆ. ಬಾಗಿಲು ತಳ್ಳಿ ಒಳಗೆ ಬಂದ ಪ್ರತಿಯೊಬ್ಬರನ್ನೂ ನಾವು ಮೊದಲು ಕೇಳುತ್ತಿದ್ದದ್ದು ಒಂದೇ: ‘ನಿಮ್ಮ ಬಗ್ಗೆ ಹೇಳಿ.’

ಈ ಮಾತು ಕೇಳಿದ ಕೂಡಲೇ ನಮ್ಮ ಮಕ್ಕಳು ಹೆಸರು, ಊರು, ತಂದೆ, ತಾಯಿ, ಅಂಕ ಎಂದು ಶುರು ಮಾಡುತ್ತಾರೆ. ಅದೆಲ್ಲ ಅರ್ಜಿಯಲ್ಲಿದೆ. ಅರ್ಜಿ ನಮ್ಮ ಮುಂದೆಯೇ ಮೇಜಿನ ಮೇಲಿದೆ. ಹಾಗಾದರೆ ಮತ್ತೆ ಏಕೆ ಕೇಳುತ್ತೇವೆ? ‘ಈ ಕೆಲಸಕ್ಕೆ ಒದಗುವಂಥದ್ದನ್ನು ನೀವು ಇದುವರೆಗೆ ಏನು ಮಾಡಿದ್ದೀರಿ?’ ಎಂದು ತಿಳಿಯುವುದಕ್ಕೆ. ಪ್ರಶ್ನೆಯ ಒಳಗಿರುವ ಪ್ರಶ್ನೆ ಇದು.

ಉತ್ತರಕ್ಕೆ ಒಂದು ನಿಮಿಷ ಸಾಕು. ಈಗ ಏನು ಓದುತ್ತಿದ್ದೀರಿ ಎಂದು ಒಂದೆರಡು ವಾಕ್ಯ. ಕೈಯಾರೆ ಏನು ಮಾಡಿದ್ದೀರಿ ಎಂಬುದಕ್ಕೆ ಅರ್ಧ ನಿಮಿಷಕ್ಕೂ ಹೆಚ್ಚು. ಕೊನೆಗೆ, ಇದೇ ಕೆಲಸ ಏಕೆ ಬೇಕು.

ಎರಡನೇ ದಿನ: ಸೊರಗಿದ ಉತ್ತರ

ಕುಶಾಲನಗರದ ಕಾಫಿ ಕ್ಯೂರಿಂಗ್ ವರ್ಕ್ಸ್ ಒಂದರಲ್ಲಿ ಲೆಕ್ಕಪತ್ರ ಸಹಾಯಕರ ಹುದ್ದೆ ಇದೆ ಎಂದಿಟ್ಟುಕೊಳ್ಳಿ. ಬಿ.ಕಾಂ. ಮುಗಿಸಿದ ದೀಪ್ತಿ ಸಂದರ್ಶನಕ್ಕೆ ಬಂದಿದ್ದಾಳೆ.

(ಕುರ್ಚಿಯಲ್ಲಿ ಕುಳಿತು, ಬಾಯಿಪಾಠ ಒಪ್ಪಿಸುವ ದನಿಯಲ್ಲಿ)

“ಮೊದಲನೆಯದಾಗಿ ನನಗೆ ಈ ಅವಕಾಶ ಕೊಟ್ಟಿದ್ದಕ್ಕೆ ಧನ್ಯವಾದಗಳು ಸರ್. ನನ್ನ ಹೆಸರು ದೀಪ್ತಿ. ನಾನು ಕೊಡಗು ಜಿಲ್ಲೆಯವಳು. ನನ್ನ ತಂದೆ ಕೃಷಿಕರು, ತಾಯಿ ಗೃಹಿಣಿ. ನನಗೆ ಒಬ್ಬ ತಮ್ಮ ಇದ್ದಾನೆ, ಅವನು ಪಿಯುಸಿ ಓದುತ್ತಿದ್ದಾನೆ. ಹತ್ತನೇ ತರಗತಿಯಲ್ಲಿ ಶೇಕಡಾ 82, ಪಿಯುಸಿಯಲ್ಲಿ ಶೇಕಡಾ 76, ಪದವಿಯಲ್ಲಿ ಶೇಕಡಾ 71 ಅಂಕ ಬಂದಿದೆ. ನನ್ನ ಹವ್ಯಾಸಗಳು ಹಾಡು ಕೇಳುವುದು, ಪುಸ್ತಕ ಓದುವುದು, ಪ್ರವಾಸ ಮಾಡುವುದು. ನಾನು ಕಷ್ಟಪಟ್ಟು ಕೆಲಸ ಮಾಡುತ್ತೇನೆ, ಎಲ್ಲರ ಜೊತೆ ಹೊಂದಿಕೊಂಡು ಹೋಗುತ್ತೇನೆ. ಎಲ್ಲರನ್ನೂ ಬೇಗ ನಂಬುವುದು ನನ್ನ ದೌರ್ಬಲ್ಯ. ಒಳ್ಳೆಯ ಕಂಪನಿಯಲ್ಲಿ ಕೆಲಸ ಮಾಡಬೇಕು ಎಂಬುದು ನನ್ನ ಗುರಿ. ಅಷ್ಟೇ ಸರ್.”

(ಎದ್ದು ನಿಂತು)

ಇದರಲ್ಲಿ ಒಂದೂ ಸುಳ್ಳಿಲ್ಲ, ಒಂದೂ ತಪ್ಪು ಮಾತಿಲ್ಲ. ಆದರೂ ಇದು ಸೊರಗಿದ ಉತ್ತರ. ಏಕೆ ಎಂದು ನಾಳೆಯವರೆಗೆ ಯೋಚಿಸಿ ನೋಡಿ.

ಮೂರನೇ ದಿನ: ಏನು ಕೊರತೆ

ನಿನ್ನೆಯ ಉತ್ತರದಲ್ಲಿ ದೀಪ್ತಿಯ ಹೆಸರು ತೆಗೆದು ನಿಮ್ಮ ಹೆಸರು ಹಾಕಿ ನೋಡಿ. ಸರಿಹೋಗುತ್ತದೆ, ಅಲ್ಲವೇ? ನಿಮ್ಮ ಗೆಳೆಯರ ಹೆಸರು ಹಾಕಿದರೂ ಸರಿಹೋಗುತ್ತದೆ. ಕೊರತೆ ಅದೇ. ಒಂದೇ ಬೆಳಿಗ್ಗೆ ಇಪ್ಪತ್ತು ಜನರಿಂದ ಇದನ್ನೇ ಕೇಳಿದವರಿಗೆ ಮಧ್ಯಾಹ್ನದ ಹೊತ್ತಿಗೆ ದೀಪ್ತಿಯ ಮುಖ ನೆನಪಿರುವುದಿಲ್ಲ.

‘ಕಷ್ಟಪಟ್ಟು ಕೆಲಸ ಮಾಡುತ್ತೇನೆ’ ಎಂದಳು. ಎಲ್ಲಿ, ಯಾವಾಗ, ಯಾವ ಕೆಲಸ? ಹೇಳಲಿಲ್ಲ. ಇನ್ನೂ ಕೇಳದ ದೌರ್ಬಲ್ಯವನ್ನು ತಾನಾಗಿಯೇ ತಂದು ಮೇಜಿನ ಮೇಲಿಟ್ಟಳು. ಅದು ಬೇರೆಯದೇ ಪ್ರಶ್ನೆ, ಕೇಳಿದಾಗ ಹೇಳಿದರಾಯಿತು. ಯಾವುದಾದರೂ ಸೆಮಿಸ್ಟರ್‌ನಲ್ಲಿ ಒಂದು ವಿಷಯ ಉಳಿಸಿಕೊಂಡಿದ್ದರೂ ಹಾಗೆಯೇ: ಈ ಒಂದು ನಿಮಿಷದಲ್ಲಿ ಅದನ್ನು ಎಳೆದು ತರಬೇಡಿ, ಕೇಳಿದರೆ ಮುಚ್ಚಿಡಬೇಡಿ.

ತಂದೆ ತಾಯಿಯ ಮಾತು ಬರಲೇಬಾರದು ಎಂದು ನಾನು ಹೇಳುತ್ತಿಲ್ಲ. ಕೆಲಸಕ್ಕೆ ಸಂಬಂಧವಿದ್ದರೆ ಖಂಡಿತ ಬರಲಿ. ದೀಪ್ತಿಯ ತಂದೆ ಕಾಫಿ ಬೆಳೆಗಾರರು, ಅವಳು ಬಂದಿರುವುದು ಕಾಫಿ ಕ್ಯೂರಿಂಗ್‌ಗೆ. ಆ ಎಳೆ ಅವಳ ಕೈಯಲ್ಲೇ ಇತ್ತು. ಅವಳು ಅದನ್ನು ‘ಕೃಷಿಕರು’ ಎಂಬ ಒಂದು ಪದದಲ್ಲಿ ಮುಗಿಸಿಬಿಟ್ಟಳು.

ನಾಲ್ಕನೇ ದಿನ: ಗಟ್ಟಿ ಉತ್ತರ

ಅದೇ ದೀಪ್ತಿ, ಅದೇ ಅಂಕ, ಅದೇ ಮನೆ.

(ಕುರ್ಚಿಯಲ್ಲಿ ಕುಳಿತು, ಎದುರಿಗಿರುವವರನ್ನು ನೋಡಿ, ಆತುರವಿಲ್ಲದೆ)

“ನಾನು ದೀಪ್ತಿ. ಮಡಿಕೇರಿಯಲ್ಲಿ ಓದಿ ಈಗಷ್ಟೇ ಬಿ.ಕಾಂ. ಮುಗಿಸಿದ್ದೇನೆ. ಕಳೆದ ಬೇಸಿಗೆಯಲ್ಲಿ ಆರು ವಾರ ಲೆಕ್ಕ ಪರಿಶೋಧಕರೊಬ್ಬರ ಕಚೇರಿಯಲ್ಲಿ ಇಂಟರ್ನ್‌ಶಿಪ್ ಮಾಡಿದೆ. ವಿರಾಜಪೇಟೆಯ ಹಾರ್ಡ್‌ವೇರ್ ಅಂಗಡಿಯೊಂದರ ಖರೀದಿ ಬಿಲ್‌ಗಳನ್ನು ಟ್ಯಾಲಿಗೆ ಏರಿಸಿ, ಮಾರಾಟಗಾರರು ಸಲ್ಲಿಸಿದ ಬಿಲ್‌ಗಳನ್ನು ತೋರಿಸುವ ಜಿಎಸ್‌ಟಿಆರ್-2ಬಿ ಪಟ್ಟಿಯ ಜೊತೆ ತಾಳೆ ನೋಡುವುದು ನನ್ನ ಕೆಲಸವಾಗಿತ್ತು. ಒಂದು ತಿಂಗಳ ಲೆಕ್ಕದಲ್ಲಿ ಹನ್ನೊಂದು ಬಿಲ್‌ಗಳು ಆ ಪಟ್ಟಿಯಲ್ಲಿ ಸಿಗಲಿಲ್ಲ. ಪಟ್ಟಿ ಮಾಡಿ ಮೇಲಿನವರಿಗೆ ತೋರಿಸಿದೆ. ಅವರು ಹೇಳಿದಂತೆ ಮಾರಾಟಗಾರರಿಗೆ ಫೋನ್ ಮಾಡಿ ಸರಿಪಡಿಸಲು ಕೇಳಿಕೊಂಡೆ.

ನಮ್ಮ ಮನೆಯಲ್ಲಿ ಐದು ಎಕರೆ ರೊಬಸ್ಟಾ ತೋಟವಿದೆ. ಮೂರು ವರ್ಷಗಳಿಂದ ಕೊಯ್ಲಿನ ಕಾಲದಲ್ಲಿ ಹಣ್ಣಿನ ತೂಕ ಬರೆದು, ವಾರದ ಬಟವಾಡೆ ಲೆಕ್ಕ ಹಾಕುವವಳು ನಾನೇ. ಕಾಫಿಯ ಲೆಕ್ಕ ಬೆಳೆಗಾರರ ಮನೆಯಲ್ಲಿ ಹೇಗಿರುತ್ತದೆ ಎಂದು ನನಗೆ ಗೊತ್ತು. ಅದೇ ಚೀಲ ನಿಮ್ಮ ಗೇಟಿನೊಳಗೆ ಬಂದ ಮೇಲೆ ಹೇಗೆ ದಾಖಲಾಗುತ್ತದೆ ಎಂಬುದನ್ನು ಕಲಿಯಬೇಕು. ಅದಕ್ಕಾಗಿಯೇ ಈ ಹುದ್ದೆಗೆ ಅರ್ಜಿ ಹಾಕಿದೆ.”

(ಒಂದು ಕ್ಷಣ ಬಿಟ್ಟು)

ಇಲ್ಲಿ ದೀಪ್ತಿಯ ಹೆಸರು ತೆಗೆದು ನಿಮ್ಮ ಹೆಸರು ಹಾಕಲು ಆಗುವುದಿಲ್ಲ.

ಐದನೇ ದಿನ: ಮುಂದಿನ ಪ್ರಶ್ನೆ ನಿಮ್ಮ ಬಾಯಲ್ಲೇ ಇದೆ

ಗಟ್ಟಿ ಉತ್ತರದ ದೊಡ್ಡ ಲಾಭ ಇದು. ನೀವು ಹೇಳಿದ್ದರಿಂದಲೇ ನಾವು ಮುಂದಿನ ಪ್ರಶ್ನೆ ಎತ್ತಿಕೊಳ್ಳುತ್ತೇವೆ. ದೀಪ್ತಿ ಹೇಳಿದ್ದನ್ನು ಕೇಳಿದ ಯಾವ ಲೆಕ್ಕಿಗರೂ ಸುಮ್ಮನಿರುವುದಿಲ್ಲ. ‘ಆ ಹನ್ನೊಂದು ಬಿಲ್‌ಗಳು ಏಕೆ ಸಿಗಲಿಲ್ಲ?’ ಎಂದು ಕೇಳಿಯೇ ಕೇಳುತ್ತಾರೆ.

ಆಗ ಅವಳು ಹೇಳಬೇಕು: “ಕೆಲವು ಬಿಲ್‌ಗಳಲ್ಲಿ ಮಾರಾಟಗಾರರು ಅಂಗಡಿಯ ಜಿಎಸ್‌ಟಿ ಸಂಖ್ಯೆಯನ್ನು ತಪ್ಪಾಗಿ ನಮೂದಿಸಿದ್ದರು. ಅದು ಅಕ್ಷರ, ಅಂಕಿ ಎಲ್ಲ ಸೇರಿ 15 ಸ್ಥಾನಗಳ ಸಂಖ್ಯೆ. ಕರ್ನಾಟಕದ್ದಾದರೆ 29ರಿಂದ ಶುರುವಾಗುತ್ತದೆ. ನಡುವೆ ಒಂದು ಅಕ್ಷರ ತಪ್ಪಿದರೂ ಬಿಲ್ ನಮ್ಮ ಅಂಗಡಿಯ ಖಾತೆಯಲ್ಲಿ ಕಾಣುವುದಿಲ್ಲ. ಉಳಿದ ಬಿಲ್‌ಗಳ ಮಾರಾಟಗಾರರು ಆ ತಿಂಗಳ ವಿವರವನ್ನೇ ಸಲ್ಲಿಸಿರಲಿಲ್ಲ.”

ಇಷ್ಟು ಹೇಳಿದ ಹುಡುಗಿಯನ್ನು ಎದುರಿಗಿರುವವರು ಕುರ್ಚಿ ಮುಂದೆ ಎಳೆದುಕೊಂಡು ಕೇಳುತ್ತಾರೆ. ಆದ್ದರಿಂದ ಐದು ನಿಮಿಷ ಮಾತನಾಡಬಲ್ಲ ಸಂಗತಿಯನ್ನು ಮಾತ್ರ ಈ ಒಂದು ನಿಮಿಷದೊಳಗೆ ಇಡಿ. ಬೇರೆಯವರ ಪ್ರಾಜೆಕ್ಟ್ ವರದಿಯನ್ನು ನಿಮ್ಮದೆಂದು ಹೇಳಿದರೆ ಎರಡನೇ ಪ್ರಶ್ನೆಗೇ ಗಂಟಲು ಒಣಗುತ್ತದೆ. ಹಾಗೆ ಕಣ್ಣು ತಗ್ಗಿಸಿ ಕುಳಿತವರನ್ನು ನಾನು ನೋಡಿದ್ದೇನೆ. ನೋಡಲು ಸಂಕಟವಾಗುತ್ತದೆ.

ಆರನೇ ದಿನ: ‘ನನಗೆ ಯಾವ ಅನುಭವವೂ ಇಲ್ಲ’

ಇಂದಿನ ಮಾತು ನನಗೆ ಬಹಳ ಮುಖ್ಯವಾದದ್ದು. ಕೊಡಗಿನಿಂದ ಬಂದ ಎಷ್ಟೋ ಮಕ್ಕಳು ನನ್ನ ಎದುರು ಕುಳಿತು ‘ಅನುಭವ ಏನೂ ಇಲ್ಲ ಮೇಡಂ’ ಎಂದಿದ್ದಾರೆ. ನಾನೂ ತೋಟದ ಮನೆಯವಳೇ, ಹಾಗಾಗಿ ನಂಬುತ್ತಿರಲಿಲ್ಲ. ಬಿಡಿಸಿ ಕೇಳುತ್ತಿದ್ದೆ.

ಒಮ್ಮೆ ಒಬ್ಬ ಹುಡುಗ ಹಾಗೆಯೇ ಹೇಳಿದ. ‘ಜನವರಿಯಲ್ಲಿ ಸಂಜೆ ಹೊತ್ತು ಮನೆಯಲ್ಲಿ ಏನು ಮಾಡುತ್ತೀರಿ?’ ಎಂದು ಕೇಳಿದೆ. ಕಾಲೇಜಿನಿಂದ ಬಂದು ಕಣದ ಹತ್ತಿರ ತಕ್ಕಡಿಯ ಪಕ್ಕದಲ್ಲಿ ನಿಲ್ಲುತ್ತಾನಂತೆ. ಕೊಯ್ದು ತಂದವರ ಚೀಲ ಒಂದೊಂದಾಗಿ ತೂಗಿ, ಪುಸ್ತಕದಲ್ಲಿ ಹೆಸರಿನ ಮುಂದೆ ಕೆ.ಜಿ. ಬರೆಯುತ್ತಾನೆ. ಕತ್ತಲಾದರೆ ಮೊಬೈಲ್ ಬೆಳಕು. ಬರೆದದ್ದನ್ನು ಅವರಿಗೇ ಓದಿ ಹೇಳುತ್ತಾನೆ, ಬಟವಾಡೆಯ ದಿನ ಜಗಳ ಬರಬಾರದು ಎಂದು. ‘ಜಗಳ ಬಂದಿದೆಯೇ?’ ಎಂದೆ. ‘ಒಂದು ಸಲ ಬಂತು, ನಾನು 38 ಅನ್ನು 33 ಎಂದು ಬರೆದಿದ್ದೆ. ಅಂದಿನಿಂದ ಓದಿ ಹೇಳುತ್ತೇನೆ’ ಎಂದ.

ಇದಕ್ಕಿಂತ ಒಳ್ಳೆಯ ಉತ್ತರ ನನಗೆ ಆ ದಿನ ಸಿಗಲಿಲ್ಲ. ತೋಟದ ರೈಟರ್ ಸಂಬಳ ಪಡೆದು ಮಾಡುವ ಕೆಲಸವನ್ನು ಆ ಹುಡುಗ ಮನೆಗೆಲಸ ಎಂದುಕೊಂಡಿದ್ದ.

ನೀವೂ ಹುಡುಕಿಕೊಳ್ಳಿ. ಮನೆಯ ಹೋಂಸ್ಟೇಯಲ್ಲಿ ಬುಕಿಂಗ್ ನೋಡಿಕೊಂಡಿದ್ದೀರಾ? ಊರಿನ ಹಾಕಿ ಪಂದ್ಯಾವಳಿಗೆ ಚಂದಾ ಎತ್ತಿ ಲೆಕ್ಕ ಒಪ್ಪಿಸಿದ್ದೀರಾ? ಗೋಣಿಕೊಪ್ಪದ ಚಿಕ್ಕಪ್ಪನ ಅಂಗಡಿಯಲ್ಲಿ ರಜೆಯಲ್ಲಿ ಗಲ್ಲಾದ ಮುಂದೆ ಕುಳಿತಿದ್ದೀರಾ? ಎಷ್ಟು ದಿನ, ಎಷ್ಟು ಜನ, ಎಷ್ಟು ರೂಪಾಯಿ ಎಂದು ಅಂಕಿ ಸೇರಿಸಿ ಹೇಳಿ. ಇಲ್ಲದ ಅಂಕಿ ಹುಟ್ಟಿಸಬೇಡಿ.

ಏಳನೇ ದಿನ: ಭಾಷೆ, ಮಳೆ, ಮೊಬೈಲ್

ಮನೆಯಲ್ಲಿ ಕೊಡವ ತಕ್ಕ್, ಅರೆಭಾಷೆ, ತುಳು, ಮಲಯಾಳ ಯಾವುದನ್ನೇ ಆಡಿ, ಸಂದರ್ಶನ ಇಂಗ್ಲಿಷಿನಲ್ಲಿ ನಡೆಯಬಹುದು. ಉತ್ತರವನ್ನು ಮೊದಲು ನಿಮ್ಮ ಭಾಷೆಯಲ್ಲಿ ಕಟ್ಟಿಕೊಳ್ಳಿ, ಆಮೇಲೆ ಸಣ್ಣ ಸಣ್ಣ ಇಂಗ್ಲಿಷ್ ವಾಕ್ಯಗಳಲ್ಲಿ ಹೇಳಿ ನೋಡಿ. ನಡುವೆ ಮಾತು ಸಿಕ್ಕಿಹಾಕಿಕೊಂಡರೆ ‘ಈ ಭಾಗವನ್ನು ಕನ್ನಡದಲ್ಲಿ ಹೇಳಬಹುದೇ?’ ಎಂದು ಕೇಳಿ. ಕೇಳುವುದರಲ್ಲಿ ಅವಮಾನವಿಲ್ಲ.

ಆನ್‌ಲೈನ್ ಸಂದರ್ಶನವಾದರೆ, ಅದರಲ್ಲೂ ಜುಲೈ ಮಳೆಯಲ್ಲಿ, ಮನೆಯ ನೆಟ್‌ವರ್ಕ್ ನಂಬಬೇಡಿ. ಹಿಂದಿನ ದಿನವೇ ಪೇಟೆಯಲ್ಲಿರುವ ನೆಂಟರ ಮನೆಗೆ ಹೋಗಿಬಿಡಿ. ‘ಸಂಪರ್ಕ ಕಡಿದರೆ ಕೂಡಲೇ ಫೋನ್ ಮಾಡುತ್ತೇನೆ’ ಎಂದು ಆರಂಭದಲ್ಲೇ ತಿಳಿಸಿ.

ಇಂದು ರಾತ್ರಿ ಮೊಬೈಲ್‌ನಲ್ಲಿ ನಿಮ್ಮ ಉತ್ತರವನ್ನು ಧ್ವನಿಮುದ್ರಿಸಿ. ಒಂದು ನಿಮಿಷ ದಾಟಿದರೆ ಮೊದಲು ಅಂಕಗಳನ್ನು ತೆಗೆಯಿರಿ, ಆಮೇಲೆ ಹವ್ಯಾಸಗಳನ್ನು. ಮಾಡಿದ ಕೆಲಸವನ್ನು ಮಾತ್ರ ಮುಟ್ಟಬೇಡಿ. ಮನೆಯವರಿಗೆ ಕೇಳಿಸಿ ‘ನಾನು ಏನು ಮಾಡಿದೆ ಎಂದು ಅರ್ಥವಾಯಿತೇ?’ ಎಂದು ಕೇಳಿ. ಅಜ್ಜಿಗೆ ಅರ್ಥವಾದರೆ ನಮಗೂ ಅರ್ಥವಾಗುತ್ತದೆ.

ನಾಳೆಯಿಂದ, ದೀಪ್ತಿ ಆತುರಪಟ್ಟು ಉತ್ತರ ಹೇಳಿಬಿಟ್ಟಿದ್ದ ಆ ಇನ್ನೊಂದು ಪ್ರಶ್ನೆ: ‘ನಿಮ್ಮ ದೌರ್ಬಲ್ಯ ಏನು?’