ವರ್ತನಾವಾದ ಮತ್ತು ರಚನಾವಾದ: ಮೂರನೇ ತರಗತಿಯ ಒಂದು 2005

ಬೋಧನಾಭ್ಯಾಸಕ್ಕೆ ಹೋದ ಶಾಲೆಯಲ್ಲಿ ಒಂದು ದಿನ ಮೂರನೇ ತರಗತಿಗೆ ಸಂಖ್ಯೆಗಳನ್ನು ಹೇಳಿ ಬರೆಸುತ್ತಿದ್ದೆ. 'ಇನ್ನೂರ ಐದು' ಅಂದೆ. ಮುಂದಿನ ಸಾಲಿನ ಹುಡುಗಿಯೊಬ್ಬಳು 2005 ಅಂತ ಬರೆದಳು. ಈ ಅಸೈನ್‌ಮೆಂಟ್‌ನಲ್ಲಿ ಕಲಿಕೆಯ ಬಗೆಗಿನ ಈ ಎರಡೂ ವಾದಗಳನ್ನು ನಾನು ಆ ಒಂದು ತಪ್ಪನ್ನು ಇಟ್ಟುಕೊಂಡೇ ನೋಡುತ್ತೇನೆ, ಯಾಕೆಂದರೆ ಇವೆರಡೂ ನಿಜವಾಗಿ ಬೇರೆಯಾಗುವುದು ಮಗು ತಪ್ಪು ಮಾಡಿದಾಗ.

ವರ್ತನಾವಾದಕ್ಕೆ ಕಣ್ಣಿಗೆ ಕಾಣುವ ವರ್ತನೆಯೇ ಮುಖ್ಯ. 1913ರಲ್ಲಿ ಮನಶ್ಶಾಸ್ತ್ರಜ್ಞ ವಾಟ್ಸನ್ ಪಟ್ಟುಹಿಡಿದು ಹೇಳಿದ್ದು ಇದನ್ನೇ. ಪಾವ್ಲೋವ್‌ನ ನಾಯಿ, ಥಾರ್ನ್‌ಡೈಕ್‌ನ ಬೆಕ್ಕು, ಸ್ಕಿನ್ನರ್‌ನ ಇಲಿ, ಪಾರಿವಾಳ, ಈ ಪ್ರಯೋಗಗಳು ಎಲ್ಲರಿಗೂ ಗೊತ್ತಿರುವುದೇ, ಅದನ್ನು ಇಲ್ಲಿ ಎಳೆಯುವುದಿಲ್ಲ. ತರಗತಿಗೆ ಬಂದರೆ ಅದರ ಅರ್ಥ ಇಷ್ಟು: ಸರಿ ಉತ್ತರಕ್ಕೆ ಹೊಗಳಿಕೆ, ಸ್ಟಾರ್‌ನಂಥ ಪುನರ್ಬಲನ ಕೊಡಬೇಕು, ಆಗ ಅದು ಗಟ್ಟಿಯಾಗುತ್ತದೆ. 2005 ಎನ್ನುವುದು ಒಂದು ತಪ್ಪು ಪ್ರತಿಕ್ರಿಯೆ, ಆ ಜಾಗಕ್ಕೆ 205 ಬಂದರೆ ಕಲಿಕೆ ಆಯಿತು.

ನಾನೂ ಹಾಗೇ ಮಾಡಿದೆ. ಕೆಂಪು ಶಾಯಿಯಲ್ಲಿ ಸುತ್ತು ಹಾಕಿ, 205 ಅಂತ ಹತ್ತು ಸಲ ಬರೆಸಿದೆ. ಮಾರನೇ ದಿನ ಸರಿಯಾಗಿ ಬರೆದಳು, ಸ್ಟಾರ್ ಕೊಟ್ಟೆ, ಅವಳಿಗೂ ಖುಷಿ ನನಗೂ ಖುಷಿ. ಆಮೇಲೆ 'ಮುನ್ನೂರ ಏಳು' ಅಂದೆ ನೋಡಿ, 3007! ಸುಮ್ನೆ ಹತ್ತು ಸಲ ಬರೆಸಿದರೆ ಸಾಲದು ಅಂತ ಥಾರ್ನ್‌ಡೈಕ್‌ಗೇ ಕೊನೆಗೆ ಅನ್ನಿಸಿತ್ತು. 1930ರ ಆಸುಪಾಸಿನಲ್ಲಿ ಮತ್ತೆ ಮತ್ತೆ ಮಾಡಿದಷ್ಟೂ ಕಲಿಕೆ ಗಟ್ಟಿಯಾಗುತ್ತದೆ ಎನ್ನುವ ತನ್ನ ಅಭ್ಯಾಸ ನಿಯಮವನ್ನು ಅವನೇ ತಿದ್ದಿಕೊಂಡ. ನಮ್ಮ ಶಾಲೆಗಳಿಗೆ ಆ ಸುದ್ದಿ ಇನ್ನೂ ಪೂರ್ತಿ ತಲುಪಿಲ್ಲ ಅನ್ನಿಸುತ್ತದೆ.

ರಚನಾವಾದ ಕೇಳುವ ಪ್ರಶ್ನೆಯೇ ಬೇರೆ. ಮಗು ಖಾಲಿ ಸ್ಲೇಟಲ್ಲ, ತನಗೆ ಆಗಲೇ ಗೊತ್ತಿರುವುದರ ಮೇಲೆ ಹೊಸದನ್ನು ತಾನೇ ಕಟ್ಟಿಕೊಳ್ಳುತ್ತದೆ ಎನ್ನುತ್ತಾನೆ ಪಿಯಾಜೆ. ಹಾಗಾದರೆ 2005ರ ಹಿಂದೆಯೂ ಏನೋ ಒಂದು ಲೆಕ್ಕ ಇರಲೇಬೇಕು ಅಲ್ವಾ? ಕೇಳಿದೆ.

'ಹೇಗೆ ಬರೆದೆ ಪುಟ್ಟಾ?'

'ಇನ್ನೂರು ಬರೆದೆ ಮಿಸ್, ಆಮೇಲೆ ಐದು ಬರೆದೆ.'

ಕಿವಿಗೆ ಕೇಳಿಸಿದ್ದನ್ನು ಅದೇ ಕ್ರಮದಲ್ಲಿ ಬರೆದಿದ್ದಾಳೆ, 200 ಮತ್ತು 5. ಅವಳ ಮಟ್ಟಿಗೆ ಅದು ತಪ್ಪೇ ಅಲ್ಲ. ಆದರೆ 105 ಅನ್ನು ಮಾತ್ರ ಸರಿಯಾಗಿ ಬರೆಯುತ್ತಿದ್ದಳು, ಗೋಡೆಯ ಚಾರ್ಟಿನಲ್ಲಿ ದಿನಾ ನೋಡಿದ್ದಳಲ್ಲ. ನಾನು 105ರ ಕೆಳಗೆ 2005 ಬರೆದು, ಪಕ್ಕದಲ್ಲಿ ನೂರರ ಆಟಿಕೆ ನೋಟು ಇಟ್ಟು, 'ಒಂದೇ ಒಂದು ನೋಟು ಜಾಸ್ತಿ ಆಗಿದ್ದಕ್ಕೆ ಇಷ್ಟು ಉದ್ದ ಆಗುತ್ತಾ?' ಅಂದೆ. ಸ್ವಲ್ಪ ಹೊತ್ತು ಸುಮ್ಮನೆ ನೋಡಿದಳು. 200 ಅಂತ ಒಂದು ಚೀಟಿ, 5 ಅಂತ ಒಂದು ಚಿಕ್ಕ ಚೀಟಿ ಕೊಟ್ಟೆ. ಮೊದಲು ಪಕ್ಕ ಪಕ್ಕ ಇಟ್ಟಳು. ಆಮೇಲೆ ಐದರ ಚೀಟಿಯನ್ನು ನಿಧಾನಕ್ಕೆ ಜರುಗಿಸಿ ಕೊನೆಯ ಸೊನ್ನೆಯ ಮೇಲೆ ಕೂರಿಸಿದಳು. 'ಐದು ಸೊನ್ನೆ ಮೇಲೆ ಕೂತ್ಕೊಳ್ಳತ್ತೆ ಮಿಸ್!' ಅವತ್ತು 307, 409 ಎರಡನ್ನೂ ತಾನೇ ಬರೆದಳು, ಸ್ಟಾರ್ ಕೇಳಲೂ ಇಲ್ಲ. ನಾನು ಕೊಟ್ಟ ಚೀಟಿ ಮತ್ತು ಪ್ರಶ್ನೆಯನ್ನು ಬ್ರೂನರ್‌ನ ಮಾತಿನಲ್ಲಿ ಸ್ಕ್ಯಾಫೋಲ್ಡಿಂಗ್ ಅನ್ನಬಹುದು. ಒಬ್ಬಳೇ ಮಾಡಲಾಗದ್ದನ್ನು ಸಣ್ಣ ಆಸರೆ ಸಿಕ್ಕಿದರೆ ಮಾಡುತ್ತಾಳಲ್ಲ, ಆ ನಡುವಿನ ಜಾಗವೇ ವೈಗೋಟ್‌ಸ್ಕಿ ಹೇಳುವ ಸಮೀಪಸ್ಥ ವಿಕಾಸ ವಲಯ.

ಹಾಗಂತ ವರ್ತನಾವಾದ ಹಳೇದು, ರಚನಾವಾದ ಒಳ್ಳೇದು ಅಂತ ಬರೆದುಬಿಡುವುದು ಸುಲಭ, ನನಗೆ ಒಪ್ಪಿಗೆ ಇಲ್ಲ. ಮಗ್ಗಿ ಬಾಯಿಗೆ ಬರಬೇಕಾದರೆ ರಾಗವಾಗಿ ಹೇಳಿ ಹೇಳಿಯೇ ಬರಬೇಕು. ಏಳೆಂಟ್ಲ ಎಷ್ಟು ಅಂತ ಪ್ರತಿ ಸಲ ಬೀಜ ಎಣಿಸುತ್ತಾ ಕೂತರೆ ಭಾಗಾಕಾರ ಮುಗಿಯುವುದು ಯಾವಾಗ? ಎಂಟರ ಏಳು ಗುಂಪು ಅಂದರೇನು ಅಂತ ಒಮ್ಮೆ ಬೀಜ ಇಟ್ಟು ನೋಡಿರಬೇಕು, ಅಷ್ಟೇ.

1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಶುರುವಾದ ನಲಿಕಲಿಯನ್ನೇ ನೋಡಿ. ಮಕ್ಕಳು ಗುಂಪಿನಲ್ಲಿ ಕೂತು, ಆಡುತ್ತಾ, ತಮ್ಮ ವೇಗದಲ್ಲಿ ಕಲಿಯುತ್ತಾರೆ ಅಂತ ಅದನ್ನು ರಚನಾವಾದಕ್ಕೆ ಸೇರಿಸುತ್ತೇವೆ. ಆದರೆ ಅದರ ಕಲಿಕಾ ಏಣಿಯಲ್ಲಿ ಒಂದು ಮೈಲಿಗಲ್ಲು ಮುಗಿದ ಮೇಲೆ ಇನ್ನೊಂದು, ಎಲ್ಲವೂ ಸಣ್ಣ ಸಣ್ಣ ಮೆಟ್ಟಿಲು. ಇದು ಸ್ಕಿನ್ನರ್‌ನ ಕ್ರಮಾನ್ವಿತ ಕಲಿಕೆಗೂ ತೀರಾ ದೂರದ್ದಲ್ಲ. ನಾವು ಉತ್ತರಪತ್ರಿಕೆಯಲ್ಲಿ ಎಳೆಯುವ ಎರಡು ಕಾಲಮ್ಮಿನ ಪಟ್ಟಿಯಲ್ಲಿ ನಲಿಕಲಿಯನ್ನು ಎಲ್ಲಿ ಬರೆಯುವುದು?

ರಚನಾವಾದದ ಕಷ್ಟ ಅಂದರೆ ಸಮಯ. ಆ ತರಗತಿಯಲ್ಲಿ ಇದ್ದದ್ದು 31 ಮಕ್ಕಳು, 40 ನಿಮಿಷ. 'ಹೇಗೆ ಬರೆದೆ' ಅಂತ ಕೂತು ಕೇಳಲು ಆಗಿದ್ದು ನಾಲ್ಕು ಜನರನ್ನು ಮಾತ್ರ. ಅಷ್ಟರಲ್ಲಿ ಬೆಲ್ ಹೊಡೆಯಿತು. ಉಳಿದ 27 ಪುಸ್ತಕಗಳಿಗೆ ಸರಿ, ತಪ್ಪು ಗುರುತು ಹಾಕಿ, ಸರಿ ಬರೆದವರಿಗೆ ಸ್ಟಾರ್ ಕೊಟ್ಟು ಕಳಿಸಿದೆ.