ಭಾನುವಾರದ ಟೆಸ್ಟ್‌ಗೆ ನಂಬರ್ ಸಿಸ್ಟಂ ಪ್ರಶ್ನೆಗಳು: ಬೈನರಿ, ಆಕ್ಟಲ್, ಹೆಕ್ಸಾ (ಉತ್ತರ, ವಿವರಣೆ ಸಮೇತ)

ಎಲ್ರಿಗೂ ನಮಸ್ಕಾರ. ಭಾನುವಾರ ಕಂಪ್ಯೂಟರ್ ಪೇಪರ್ ಬರೆಯೋರಿಗೆ ಅಂತ ಈ ಸೆಟ್ ಮಾಡಿದೀನಿ, ವರ್ಡ್ ಎಕ್ಸೆಲ್ ಶಾರ್ಟ್‌ಕಟ್ ಎಲ್ಲ ಬಾಯಿಪಾಠ ಮಾಡ್ಕೊಂಡು ಬರ್ತೀರ, ಈ ಚಾಪ್ಟರ್ ಬಂದ್ರೆ ಮಾತ್ರ ಗಣಿತ ಅಂತ ಬಿಟ್ಬಿಡ್ತೀರ. ಇದ್ರಲ್ಲಿ ಗಣಿತಾನೇ ಇಲ್ಲ ಕಣ್ರೀ, ಬರೀ ಗುಂಪು ಮಾಡೋದು.

ಶುರು ಮಾಡೋಕ್ ಮುಂಚೆ ಒಂದೇ ಮಾತು. 8 ಅಂದ್ರೆ 2³, 16 ಅಂದ್ರೆ 2⁴. ಹಂಗಾಗಿ ಆಕ್ಟಲ್‌ನ ಒಂದು ಅಂಕಿ ಅಂದ್ರೆ 3 ಬಿಟ್, ಹೆಕ್ಸಾದ ಒಂದು ಅಂಕಿ ಅಂದ್ರೆ 4 ಬಿಟ್. ಈ ಮೂರರ ಮಧ್ಯೆ ಓಡಾಡೋಕೆ ಡೆಸಿಮಲ್ ದಾರಿ ಹಿಡೀಬೇಡಿ, 16ರಿಂದ ಭಾಗಿಸ್ತಾ ಶೇಷ ಬರೀತಾ ಕೂತ್ರೆ ಟೈಮೂ ಹೋಗುತ್ತೆ ತಪ್ಪೂ ಆಗುತ್ತೆ. ಪೇಪರ್ ಕೈಗೆ ಬಂದ ತಕ್ಷಣ ರಫ್ ಶೀಟ್ ಮೂಲೇಲಿ ಇಷ್ಟು ಬರ್ಕೊಂಡ್ಬಿಡಿ:

```
A=1010  B=1011  C=1100
D=1101  E=1110  F=1111
```

0ಯಿಂದ 9ರವರೆಗೆ ಹೆಂಗೂ ಗೊತ್ತಿರುತ್ತೆ.

1. (1011011)₂ ಇದರ ಆಕ್ಟಲ್ ರೂಪ ಯಾವುದು?
ಎ) 551  ಬಿ) 554  ಸಿ) 133  ಡಿ) 5B

ಉತ್ತರ: ಸಿ. ಬಲಗಡೆಯಿಂದ ಮೂರ್ಮೂರು ಬಿಟ್ ಕಟ್ ಮಾಡಿ: 1 | 011 | 011. ಎಡಗಡೆ ಒಂಟಿ 1 ಉಳೀತು, ಅದಕ್ಕೆ ಮುಂದೆ ಎರಡು ಸೊನ್ನೆ ಹಾಕಿ 001 ಮಾಡಿ, 1-3-3. ಉಳಿದ ಆಪ್ಷನ್ ಎಲ್ಲಿಂದ ಬಂತು ನೋಡಿ, ಅದೇ ಮಜಾ. ಎಡಗಡೆಯಿಂದ ಗುಂಪು ಮಾಡಿದ್ರೆ 101 101 1, ಅಂದ್ರೆ 551. ಕೊನೇ 1ಕ್ಕೆ ಹಿಂದೆ ಸೊನ್ನೆ ಅಂಟಿಸಿದ್ರೆ 554. ಇನ್ನು 5B ಅನ್ನೋದು ಇದೇ ಸಂಖ್ಯೆಯ ಹೆಕ್ಸಾ ರೂಪ, ಪ್ರಶ್ನೆ ಪೂರ್ತಿ ಓದದೇ ಟಿಕ್ ಹಾಕೋರಿಗೆ ಇಟ್ಟಿರೋದು. ಪೇಪರ್ ಸೆಟ್ ಮಾಡೋರು ಆಪ್ಷನ್‌ನ ಸುಮ್ನೆ ಬಾಯಿಗೆ ಬಂದಂಗೆ ಬರೆಯಲ್ಲ, ನೀವು ಎಲ್ಲೆಲ್ಲಿ ಎಡವ್ತೀರೋ ಅಲ್ಲೆಲ್ಲ ಒಂದೊಂದು ಉತ್ತರ ಇಟ್ಟು ಕಾಯ್ತಿರ್ತಾರೆ, ಅದಕ್ಕೆ ನಿಮ್ಮ ಉತ್ತರ ಆಪ್ಷನ್‌ನಲ್ಲಿ ಸಿಕ್ತು ಅಂದ ಮಾತ್ರಕ್ಕೆ ಸರಿ ಅಂದ್ಕೊಬೇಡಿ.

2. ಇವುಗಳಲ್ಲಿ ಆಕ್ಟಲ್ ಸಂಖ್ಯೆ ಅಲ್ಲದ್ದು ಯಾವುದು?
ಎ) 705  ಬಿ) 118  ಸಿ) 666  ಡಿ) 10

ಉತ್ತರ: ಬಿ. ಬೇಸ್ 8 ಅಂದ್ರೆ ಅಂಕಿ 0ಯಿಂದ 7ರವರೆಗೆ ಮಾತ್ರ, 8 ಅನ್ನೋ ಅಂಕಿ ಅಲ್ಲಿ ಇರಲ್ಲ. ಫ್ರೀ ಮಾರ್ಕು.

3. ಹೆಕ್ಸಾಡೆಸಿಮಲ್‌ನಲ್ಲಿ ಯಾವುದು ಅಮಾನ್ಯ?
ಎ) BAD  ಬಿ) FACE  ಸಿ) CAGE  ಡಿ) DEED

ಉತ್ತರ: ಸಿ. F ಆದ್ಮೇಲೆ ಅಕ್ಷರ ಇಲ್ಲ, G ಬಂತು ಅಂದ್ರೆ ಔಟ್.

4. (725)₈ = (?)₁₆
ಎ) 1D5  ಬಿ) EA8  ಸಿ) 725  ಡಿ) 2D1

ಉತ್ತರ: ಎ. ಆಕ್ಟಲ್‌ನಿಂದ ಹೆಕ್ಸಾಗೆ ನೇರ ಬಸ್ ಇಲ್ಲ, ಬೈನರೀಲಿ ಇಳಿದು ಹತ್ಬೇಕು. 7=111, 2=010, 5=101, ಸೇರಿಸಿದ್ರೆ 111010101. ಈಗ ಬಲಗಡೆಯಿಂದ ನಾಲ್ಕ್ನಾಲ್ಕು: 1 | 1101 | 0101, ಅಂದ್ರೆ 1, D, 5. ಇಲ್ಲಿ ಜಾಸ್ತಿ ಜನ ಎಡವೋದು 2ನ ಬರೀ 10 ಅಂತ ಬರ್ದು. ಅಂಕಿ ಎಷ್ಟೇ ಚಿಕ್ಕದಿರ್ಲಿ ಆಕ್ಟಲ್ ಅಂದ್ರೆ ಪೂರ್ತಿ ಮೂರು ಬಿಟ್ ಬರೀಬೇಕು, 010. ಒಂದು ಸೊನ್ನೆ ಬಿಟ್ರೆ ಹಿಂದಿರೋದೆಲ್ಲ ಒಂದೊಂದು ಮನೆ ಜರುಗಿ ಬೇರೆ ಸಂಖ್ಯೇನೇ ಆಗ್ಬಿಡುತ್ತೆ. ಚೆಕ್ ಮಾಡ್ಬೇಕು ಅಂದ್ರೆ ಮಾತ್ರ ಡೆಸಿಮಲ್‌ಗೆ ಹೋಗಿ: 448+16+5=469, ಆ ಕಡೆ 256+208+5=469.

5. (3FA)₁₆ = (?)₈
ಎ) 1762  ಬಿ) 1772  ಸಿ) 7722  ಡಿ) 1018

ಉತ್ತರ: ಬಿ. 0011 1111 1010 ಅಂತ ಬಿಡಿಸಿ, ಅದನ್ನೇ 001 111 111 010 ಅಂತ ಮತ್ತೆ ಕಟ್ ಮಾಡಿ. 12 ಬಿಟ್ ಅಂದ್ರೆ ಮೂರಕ್ಕೂ ನಾಲ್ಕಕ್ಕೂ ಸರಿಯಾಗಿ ಭಾಗ ಆಗುತ್ತೆ, ಸೊನ್ನೆ ಸೇರಿಸೋ ತಲೆನೋವಿಲ್ಲ. ಡಿ ನಲ್ಲಿರೋ 1018 ಇದರ ಡೆಸಿಮಲ್ ಬೆಲೆ, ಅದ್ರಲ್ಲಿ 8 ಇರೋದ್ರಿಂದ್ಲೇ ಆಕ್ಟಲ್ ಆಗೋಕೆ ಸಾಧ್ಯ ಇಲ್ಲ, ಲೆಕ್ಕ ಮಾಡದೇ ಹೊಡೆದು ಹಾಕ್ಬಹುದು.

6. (101101.01101)₂ ಇದನ್ನು ಹೆಕ್ಸಾಡೆಸಿಮಲ್‌ಗೆ ಪರಿವರ್ತಿಸಿ.
ಎ) 2D.61  ಬಿ) B1.68  ಸಿ) 2D.0D  ಡಿ) 2D.68

ಉತ್ತರ: ಡಿ. ಇದೊಂದು ಪ್ರಶ್ನೇನ ನಿಧಾನಕ್ಕೆ ಮಾಡಿ. ಪಾಯಿಂಟ್ ಇದ್ರೆ ಗುಂಪು ಮಾಡೋಕೆ ಪಾಯಿಂಟ್‌ನಿಂದ್ಲೇ ಶುರು, ಎಡಕ್ಕೆ ಹೋಗೋದು ಎಡಕ್ಕೆ, ಬಲಕ್ಕೆ ಹೋಗೋದು ಬಲಕ್ಕೆ. ಎಡಭಾಗ 101101, ಅಂದ್ರೆ 0010 1101, ಅಂದ್ರೆ 2D. ಬಲಭಾಗ 01101, ಪಾಯಿಂಟ್ ಪಕ್ಕದ ನಾಲ್ಕು 0110 ಆಯ್ತು, ಉಳಿದಿದ್ದು ಒಂದು 1. ಈ 1ಕ್ಕೆ ಸೊನ್ನೆ ಹಿಂದೆ ಹಾಕ್ಬೇಕು, 1000, ಅಂದ್ರೆ 8. ಪೂರ್ಣ ಸಂಖ್ಯೇಲಿ ಮುಂದೆ ಹಾಕಿದ ಅಭ್ಯಾಸಕ್ಕೆ ಇಲ್ಲೂ 0001 ಅಂದ್ರೆ 61 ಬರುತ್ತೆ, ಆಪ್ಷನ್ ಎ ರೆಡಿ ಇದೆ. ಯಾಕೆ ಹಿಂದೆ ಅಂದ್ರೆ, .5 ರೂಪಾಯಿನ .50 ಅಂತ ಬರೆದ್ರೆ ಐವತ್ತು ಪೈಸೆನೇ, .05 ಅಂತ ಬರೆದ್ರೆ ಐದು ಪೈಸೆ ಆಗೋಗುತ್ತೆ ಅಲ್ವಾ, ಅಷ್ಟೇ. ಇದೇ ಸಂಖ್ಯೆ ಆಕ್ಟಲ್‌ನಲ್ಲಿ ಕೇಳಿದ್ರೆ 101 101 . 011 010, ಅಂದ್ರೆ 55.32.

7. ಗುಂಪಿಗೆ ಸೇರದ್ದನ್ನು ಆರಿಸಿ.
ಎ) (11001)₂  ಬಿ) (31)₈  ಸಿ) (19)₁₆  ಡಿ) (25)₈

ಉತ್ತರ: ಡಿ. ಮೊದಲ ಮೂರೂ ಡೆಸಿಮಲ್ 25. ಡಿ ನಲ್ಲಿ 25 ಅಂತ ಕಣ್ಣಿಗೆ ಕಾಣ್ಸಿದ್ರೂ ಬೇಸ್ 8 ಇರೋದ್ರಿಂದ ಬೆಲೆ 21. ಸಂಖ್ಯೆ ನೋಡೋ ಮುಂಚೆ ಕೆಳಗಿರೋ ಆ ಪುಟಾಣಿ ಬೇಸ್ ನೋಡಿ, ಕೆಲವು ಪೇಪರ್‌ನಲ್ಲಿ ಪ್ರಿಂಟ್ ಬೇರೆ ಮಸುಕಾಗಿರುತ್ತೆ.

8. (121)ₓ = (51)₁₆ ಆದರೆ x ಎಷ್ಟು?
ಎ) 6  ಬಿ) 7  ಸಿ) 8  ಡಿ) 9

ಉತ್ತರ: ಸಿ. ಇಲ್ಲಿ ಮಾತ್ರ ಡೆಸಿಮಲ್ ಬೇಕೇ ಬೇಕು. ಬಲಗಡೆ 5×16+1=81. ಎಡಗಡೆ x²+2x+1, ಅಂದ್ರೆ (x+1)². 9ರ ವರ್ಗ 81, ಹಂಗಾಗಿ x=8.

9. ಲಿನಕ್ಸ್‌ನಲ್ಲಿ `chmod 640` ಕೊಟ್ಟರೆ ಫೈಲ್‌ನ ಅನುಮತಿ ಹೇಗಿರುತ್ತದೆ?
ಎ) `rwxr-xr-x`  ಬಿ) `rw-r-----`  ಸಿ) `rw-r--r--`  ಡಿ) `r--rw----`

ಉತ್ತರ: ಬಿ. ಆಕ್ಟಲ್ ಈಗ ಯಾರಿಗೆ ಬೇಕು ಅಂತ ಕೇಳ್ತಿರ್ತಾರಲ್ಲ, ಇಲ್ಲಿ ಬೇಕು. 6=110, 4=100, 0=000. ಮೂರು ಬಿಟ್ ಅಂದ್ರೆ ಓದೋದು, ಬರೆಯೋದು, ರನ್ ಮಾಡೋದು, ಮೊದಲ ಅಂಕಿ ಓನರ್‌ಗೆ, ಎರಡನೇದು ಗ್ರೂಪ್‌ಗೆ, ಮೂರನೇದು ಉಳಿದೋರಿಗೆ.

10. ಯೂನಿಕೋಡ್‌ನಲ್ಲಿ 'ಕ' ಅಕ್ಷರದ ಕೋಡ್ U+0C95. ಇದು ಆಕ್ಟಲ್‌ನಲ್ಲಿ ಎಷ್ಟು?
ಎ) 6225  ಬಿ) 3221  ಸಿ) 6125  ಡಿ) 1295

ಉತ್ತರ: ಎ. U+ ಆದ್ಮೇಲೆ ಬರೋದೆಲ್ಲ ಹೆಕ್ಸಾ. ಮುಂದಿನ ಸೊನ್ನೆ ಬಿಡಿ, C=1100, 9=1001, 5=0101, ಮೂರ್ಮೂರು ಮಾಡಿ: 110 010 010 101. 3221 ಇದರ ಡೆಸಿಮಲ್, ಡಿ ನಲ್ಲಿರೋದು Cನ 12 ಅಂತ ಹಂಗೇ ಬರ್ದಿರೋದು. ಹಂಗೇ ಇನ್ನೊಂದು, ಕನ್ನಡಕ್ಕೆ ಕೊಟ್ಟಿರೋ ಜಾಗ U+0C80 ಇಂದ U+0CFF ವರೆಗೆ, ಒಟ್ಟು ಎಷ್ಟು ಮನೆ ಅಂತ ಹೆಕ್ಸಾದಲ್ಲಿ ಕೇಳಿದ್ರೆ 80, ಆಕ್ಟಲ್‌ನಲ್ಲಿ 200, ನಮ್ಮ ಲೆಕ್ಕದಲ್ಲಿ 128.

ಮನೇಲಿ ಮಾಡಿದ್ಮೇಲೆ ತಾಳೆ ನೋಡೋಕೆ ವಿಂಡೋಸ್ ಕ್ಯಾಲ್ಕುಲೇಟರ್‌ನಲ್ಲಿ Programmer ಮೋಡ್ ಹಾಕ್ಕೊಳ್ಳಿ, HEX, DEC, OCT, BIN ನಾಲ್ಕೂ ಒಟ್ಟಿಗೆ ತೋರ್ಸುತ್ತೆ, ಆದ್ರೆ ಪಾಯಿಂಟ್ ಇರೋ ಸಂಖ್ಯೆ ಅದು ತಗೊಳ್ಳಲ್ಲ, 6ನೇದನ್ನ ಕೈಯಲ್ಲೇ ಮಾಡಿ. ಪೈಥಾನ್ ಇದ್ರೆ ಇನ್ನೂ ಸುಲಭ:

```
>>> hex(0o725)
'0x1d5'
>>> oct(0x3FA)
'0o1772'
```

ಉತ್ತರ ಇಲ್ದೇ ಎರಡು ಬಿಡ್ತಿದೀನಿ, ಶನಿವಾರ ರಾತ್ರಿ ಒಳಗೆ ಸ್ಟೆಪ್ ಸಮೇತ ಕಳ್ಸಿ, ಬರೀ ಉತ್ತರ ಕಳ್ಸಿದ್ರೆ ನೋಡಲ್ಲ: (1357)₈ ಹೆಕ್ಸಾದಲ್ಲಿ ಎಷ್ಟು, (A7.C)₁₆ ಆಕ್ಟಲ್‌ನಲ್ಲಿ ಎಷ್ಟು.